ಬೆನ್ನು ಬಾಗಿದವರಿಗೆ ಯಾವ ಎತ್ತರ ಹಾಕಬೇಕು?

ನಾನು ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಶ್ವಾಸಕೋಶ ಪರೀಕ್ಷಿಸುವ ತಂತ್ರಜ್ಞ. ಎತ್ತರವನ್ನು ಯಾವತ್ತೂ ಕೇಳಿ ಬರೆದುಕೊಳ್ಳುವುದಿಲ್ಲ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಜೋಡಿಸಿ ನಿಲ್ಲಿಸಿ ಅಳೆಯುತ್ತೇನೆ. ಕಾರಣ ಈ ಲೆಕ್ಕದಲ್ಲಿದೆ. ನಾನು ಬಳಸುವುದು ಗಂಡಸರಿಗೆ 1993ರ ಯೂರೋಪಿನ ಸಮೀಕರಣ:

```
FVC = 5.76*H - 0.026*A - 4.34
```

FVC ಅಂದರೆ ಪೂರ್ತಿ ಉಸಿರೆಳೆದುಕೊಂಡು ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿ. H ಮೀಟರಿನಲ್ಲಿ ಎತ್ತರ, A ವಯಸ್ಸು. ಉತ್ತರ ನಿರೀಕ್ಷಿತ ಮೌಲ್ಯ, ಲೀಟರಿನಲ್ಲಿ. ಅದರಿಂದ 1 ಲೀಟರ್ ಕಳೆದರೆ ಸಹಜದ ಕೆಳಮಿತಿ. ಅಂದರೆ ಎತ್ತರ ಬರೀ 5 ಸೆಂಟಿಮೀಟರ್ ತಪ್ಪಿದರೂ ನಿರೀಕ್ಷಿತ ಮೌಲ್ಯ ಸುಮಾರು 290 ಮಿಲಿಲೀಟರ್ ಏರುಪೇರಾಗುತ್ತದೆ.

ನಿಜವಾಗಿ ನಮಗೆ ಬೇಕಿರುವುದು ಎದೆಗೂಡಿನ ಗಾತ್ರ. ಅದನ್ನು ಸುಲಭವಾಗಿ ಅಳೆಯಲು ಆಗುವುದಿಲ್ಲ, ಅದಕ್ಕೆ ಎತ್ತರ ನೋಡುತ್ತೇವೆ. ಹೆಚ್ಚಿನವರಲ್ಲಿ ಎರಡೂ ಒಟ್ಟಿಗೆ ಬೆಳೆದಿರುತ್ತವೆ. ಆ ಜೋಡಿ ತಪ್ಪಿದವರಲ್ಲೇ ರಿಪೋರ್ಟ್ ದಾರಿ ತಪ್ಪಿಸುವುದು.

ಒಬ್ಬರು ಬಂದಿದ್ದರು, 60 ವರ್ಷ, ಬೆನ್ನು ಚೆನ್ನಾಗಿ ಬಾಗಿತ್ತು. ನಿಂತಾಗ 1.58 ಮೀಟರ್. ಊದಿದ್ದು 2.75 ಲೀಟರ್. ಆ ಎತ್ತರಕ್ಕೆ ನಿರೀಕ್ಷೆ 3.20, ಅಂದರೆ 86%. ಯಂತ್ರ ಸಹಜ ಅಂದಿತು. ಆದರೆ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಗೋಡೆಗೆ ಒರಗಿಸಿ ಎರಡೂ ಕೈ ಅಗಲಕ್ಕೆ ಚಾಚಿಸಿದೆ. ಒಂದು ನಡುಬೆರಳ ತುದಿಯಿಂದ ಇನ್ನೊಂದಕ್ಕೆ 1.80 ಮೀಟರ್ ಬಂತು. ಯೂರೋಪಿನ ಗಂಡಸರಿಗೆ ಹೇಳುವ 1.06ರಿಂದ ಭಾಗಿಸಿದರೆ ಎತ್ತರ ಸುಮಾರು 1.70. ಬೇರೆ ಜನರಲ್ಲಿ ಈ ಅನುಪಾತ ಬೇರೆ ಇರಬಹುದು, ಆದ್ದರಿಂದ ಇದು ಅಂದಾಜು ಮಾತ್ರ.

1.70ಕ್ಕೆ ನಿರೀಕ್ಷೆ 3.89, ಕೆಳಮಿತಿ 2.89. ಅದೇ 2.75 ಈಗ 71%, ಮಿತಿಗಿಂತ ಕೆಳಗೆ. ಅವರ ಶ್ವಾಸಕೋಶ ಇದ್ದಂತೆಯೇ ಇದೆ, ನಾವು ಹೋಲಿಸಿದ ಅಳತೆ ಮಾತ್ರ ಬದಲಾಯಿತು. ಬೆನ್ನು ಬಾಗಿದಾಗ ಎದೆಯೂ ಕುಗ್ಗುತ್ತದೆ. ಕುಗ್ಗಿದ ಎತ್ತರವನ್ನೇ ಹಾಕಿದರೆ ಯಾವ ತೊಂದರೆ ಹುಡುಕಬೇಕೋ ಅದೇ ಲೆಕ್ಕದೊಳಗೆ ಮುಚ್ಚಿಹೋಗುತ್ತದೆ, ಅಲ್ವಾ? ವರ್ಷ ವರ್ಷ ಬಾಗುತ್ತಾ ಹೋಗುವವರಲ್ಲಿ ಇನ್ನೂ ಮೋಸ. ಊದುವುದು ಕಮ್ಮಿಯಾದರೂ ಶೇಕಡಾವಾರು ಹಾಗೇ ನಿಂತಿರಬಹುದು. ಅದಕ್ಕೆ ಯಾವ ಎತ್ತರ ಬಳಸಿದೆ ಎಂದು ರಿಪೋರ್ಟಿನಲ್ಲಿ ಬರೆದಿಡುತ್ತೇನೆ, ಮುಂದಿನ ಸಲವೂ ಅದನ್ನೇ ಹಾಕುತ್ತೇನೆ.

ತುಂಬಾ ಎತ್ತರದವರ ಕಥೆ ಉಲ್ಟಾ. 25 ವರ್ಷದ, 2 ಮೀಟರ್ ಎತ್ತರದ ಹುಡುಗನಿಗೆ ನಿರೀಕ್ಷೆ 6.53, ಕೆಳಮಿತಿ 5.53. ಅವನು ಊದಿದ್ದು 5.30. ಯಂತ್ರ ಕಮ್ಮಿ ಅಂತ ಗುರುತು ಹಾಕಿತು. ಆದರೆ ಕೂರಿಸಿ ನೋಡಿದರೆ ಅವನ ಉದ್ದವೆಲ್ಲ ಕಾಲಲ್ಲೇ ಇತ್ತು. ಕಾಲಲ್ಲಿ ಶ್ವಾಸಕೋಶ ಇರುವುದಿಲ್ಲ. ಜೊತೆಗೆ ಈ ಸಮೀಕರಣ ಗಂಡಸರಲ್ಲಿ 1.95 ಮೀಟರ್‌ವರೆಗಿನವರಿಗೆ ಮಾತ್ರ. ಅದರಾಚೆಗೆ ಗೆರೆಯನ್ನು ಸುಮ್ನೆ ಎಳೆದಂತೆ. ಕೈಚಾಚಿನ ಅಳತೆಯೂ ಇಲ್ಲಿ ಆಗಿಬರುವುದಿಲ್ಲ, ಇಂಥವರ ಕೈ ಕೂಡ ಉದ್ದ. ಮೊದಲ ಸೆಕೆಂಡಿನಲ್ಲಿ ಊದಿದ್ದಕ್ಕೂ ಒಟ್ಟು ಊದಿದ್ದಕ್ಕೂ ಇರುವ ಅನುಪಾತ ಎತ್ತರಕ್ಕೆ ಅಷ್ಟಾಗಿ ಅಂಟಿಕೊಂಡಿಲ್ಲ. ಅದು ಅವನಲ್ಲಿ ಸರಿಯಿತ್ತು, ಅಂದರೆ ಶ್ವಾಸನಾಳದಲ್ಲಿ ಅಡಚಣೆ ಕಾಣಲಿಲ್ಲ. ಆದರೆ ಶ್ವಾಸಕೋಶ ಕುಗ್ಗಿದೆಯೇ ಎಂಬುದನ್ನು ಆ ಅನುಪಾತ ಹೇಳುವುದಿಲ್ಲ. ಅದಕ್ಕೆ ಕಾಲು ಉದ್ದ ಎಂಬ ಟಿಪ್ಪಣಿ ಸೇರಿಸಿ ವೈದ್ಯರಿಗೆ ಕಳಿಸಿದೆ. ಶ್ವಾಸಕೋಶದ ಒಟ್ಟು ಗಾತ್ರ ಅಳೆಸಬೇಕೋ, ಕೆಲವು ತಿಂಗಳು ಬಿಟ್ಟು ಇದೇ 5.30ರ ಜೊತೆ ಹೋಲಿಸಿದರೆ ಸಾಕೋ ಎಂದು ನಿರ್ಧರಿಸುವುದು ಅವರು.