ಬೆಲ್ಲದ ಪುಡಿಯ ಮಾರಾಟದ ವಿವರಣೆಯನ್ನು ನಾನು ಬರೆದ ಬಗೆ

ಮಂಡ್ಯದ ಆಲೆಮನೆಯೊಂದರಿಂದ ಬೆಲ್ಲದ ಪುಡಿ ತಂದು ಆನ್‌ಲೈನ್‌ನಲ್ಲಿ ಮಾರುವ ನಾನು, ಕೊಳ್ಳುವವರು ದಾಖಲೆ ಕೇಳಿದರೆ ತೋರಿಸಲಾಗದ ಪದವನ್ನು ಉತ್ಪನ್ನದ ವಿವರಣೆಯಲ್ಲಿ ಬರೆಯುವುದಿಲ್ಲ.

ಮೊದಲು ಎದುರಾದದ್ದು ‘ಸಾವಯವ’ ಎಂಬ ಪದ. ಕಬ್ಬು ಬೆಳೆದ ರೈತರ ಬಳಿ, ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮವಾದ ಎನ್‌ಪಿಒಪಿಯ ಪ್ರಮಾಣಪತ್ರವಿತ್ತು. ಆದರೆ ಅದನ್ನು ಓದಿದಾಗ ಅದರ ವ್ಯಾಪ್ತಿಯಲ್ಲಿದ್ದದ್ದು ಹೊಲ ಮತ್ತು ಬೆಳೆ ಮಾತ್ರ. ಅದೇ ಕೊಪ್ಪರಿಗೆಯಲ್ಲಿ ಬೇರೆಯವರ ಕಬ್ಬಿನ ಹಾಲನ್ನೂ ಕಾಯಿಸುವ ಆಲೆಮನೆಯ ಹೆಸರು ಅದರಲ್ಲಿರಲಿಲ್ಲ. ಸಾವಯವ ಆಹಾರದ ಬಗ್ಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2017ರಲ್ಲಿ ತಂದ ನಿಯಮಗಳು ಕೇಳುವ ಪ್ರಮಾಣೀಕರಣ ಮಾರುವ ಪದಾರ್ಥಕ್ಕೆ ಸಂಬಂಧಿಸಿದ್ದು, ನಾನು ಮಾರುವುದು ಬೆಲ್ಲವೇ ಹೊರತು ಕಬ್ಬಲ್ಲ. ಆದ್ದರಿಂದ ಆಲೆಮನೆಯೂ ಪ್ರಮಾಣಪತ್ರದ ವ್ಯಾಪ್ತಿಗೆ ಬರುವವರೆಗೆ ಆ ಪದವನ್ನು ಶೀರ್ಷಿಕೆಯಲ್ಲಾಗಲಿ ವಿವರಣೆಯಲ್ಲಾಗಲಿ ಬಳಸಬಾರದೆಂದು ನಿರ್ಧರಿಸಿದೆ.

‘ನೈಸರ್ಗಿಕ’, ‘ರಾಸಾಯನಿಕಮುಕ್ತ’ ಎಂಬ ಪದಗಳನ್ನೂ ಬಿಟ್ಟೆ. ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳ ಪ್ರಕಾರ, ಏನನ್ನೂ ಸೇರಿಸದ ಆಹಾರವನ್ನಷ್ಟೇ ನೈಸರ್ಗಿಕವೆನ್ನಬಹುದು. ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲಿನ ಹುಳಿ ತಗ್ಗಿಸಲು ಸುಣ್ಣ ಹಾಕುತ್ತಾರೆ, ಸುಣ್ಣವೂ ರಾಸಾಯನಿಕವೇ. ಗ್ರಾಹಕರು ನಿಜವಾಗಿ ಅಂಜುವುದು ಬೆಲ್ಲಕ್ಕೆ ಹಳದಿ ಹೊಳಪು ತರುವ ಹೈಡ್ರೋಸ್‌ಗೆ. ಹಾಗಾಗಿ ನಾನು ಬರೆದದ್ದು ಇಷ್ಟೇ: ‘ಹಾಲು ಕಾಯಿಸುವಾಗ ಸುಣ್ಣವನ್ನೂ ಬೆಂಡೆಯ ಲೋಳೆಯನ್ನೂ ಬಳಸಿದೆ, ಹೈಡ್ರೋಸ್ ಬಳಸಿಲ್ಲ. ಬಣ್ಣ ಕಡುಕಂದು, ಬ್ಯಾಚಿನಿಂದ ಬ್ಯಾಚಿಗೆ ವ್ಯತ್ಯಾಸವಾಗುತ್ತದೆ.’

ಒಬ್ಬ ಗ್ರಾಹಕಿ ಇದಕ್ಕೆ ಪುರಾವೆ ಏನೆಂದು ಕೇಳಿದಾಗ, ಅವರ ಪೊಟ್ಟಣದ ಬ್ಯಾಚ್ ಸಂಖ್ಯೆಯನ್ನು ಕೇಳಿ ಪಡೆದು, ಅದೇ ಬ್ಯಾಚಿನ ಮಾದರಿಗೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯ ಕೊಟ್ಟಿದ್ದ, ಹೈಡ್ರೋಸ್ ಬಳಸಿದರೆ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್‌ನ ಪರೀಕ್ಷೆಯ ವರದಿಯನ್ನು ಕಳುಹಿಸಿದೆ. ವರದಿಯಲ್ಲಿ ಇದ್ದದ್ದು ‘ಅಳೆಯಬಹುದಾದ ಮಿತಿಗಿಂತ ಕಡಿಮೆ’ ಎಂಬ ಮಾತು. ಅದು ಸೊನ್ನೆಯೆಂದಲ್ಲ ಎಂಬುದನ್ನೂ, ಹೈಡ್ರೋಸ್ ಬಳಕೆಯಾಗಿಲ್ಲವೆಂಬುದಕ್ಕೆ ವರದಿಯ ಜೊತೆಗೆ ಆಲೆಮನೆಯವರು ಸಹಿ ಮಾಡಿದ ಸಾಮಗ್ರಿ ದಾಖಲೆಯೂ ಆಧಾರವೆಂಬುದನ್ನೂ ಅವರಿಗೆ ತಿಳಿಸಿದೆ. ಪ್ರಯೋಗಾಲಯದ ವರದಿ ಪರೀಕ್ಷಿಸಿದ ಮಾದರಿಗಷ್ಟೇ ಅನ್ವಯಿಸುವುದರಿಂದ, ಹಳೆಯ ಬ್ಯಾಚಿನ ವರದಿಯನ್ನು ಹೊಸದಕ್ಕೆ ತೋರಿಸುವುದು ಸರಿಯಲ್ಲ.

ಪೊಟ್ಟಣದ ವಿಷಯದಲ್ಲಿ, ಸರಬರಾಜುದಾರರು ‘ಪರಿಸರಸ್ನೇಹಿ’ ಎಂದು ಕರೆದ ಕಂದು ಕಾಗದದ ಚೀಲವನ್ನು ಹರಿದು ನೋಡಿದೆ. ಒಳಗೆ ತೆಳುವಾದ ಪ್ಲಾಸ್ಟಿಕ್ ಪದರವಿತ್ತು. ಬೆಲ್ಲ ತೇವ ಹೀರುವ ಪದಾರ್ಥವಾದ್ದರಿಂದ ಆ ಪದರ ಬೇಕೇ ಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿ, ಇಂತಹ ಮಾತು ಸರಕಿಗೆ ಸಂಬಂಧಿಸಿದ್ದೋ ಪೊಟ್ಟಣಕ್ಕೋ ಎಂಬುದನ್ನು ಸ್ಪಷ್ಟಪಡಿಸಬೇಕೆನ್ನುತ್ತದೆ. ನಾನು ಹೀಗೆ ಬರೆದೆ: ‘ಹೊರಪೆಟ್ಟಿಗೆ ರಟ್ಟಿನದು, ಒಳಗೆ ಪ್ಲಾಸ್ಟಿಕ್ ತುಂಬುಸಾಮಗ್ರಿ ಇಲ್ಲ. ಚೀಲದ ಹೊರಪದರ ಕಾಗದ, ಒಳಪದರ ಪ್ಲಾಸ್ಟಿಕ್. ಇದು ಗೊಬ್ಬರವಾಗಿ ಕೊಳೆಯುವುದಿಲ್ಲ.’