ಸ್ಪೇನಿಗೆ ಜನನ, ಮದುವೆ ಪ್ರಮಾಣಪತ್ರ ತರುವವರು ಮೊದಲು ಅದರ ಹಿಂಬದಿ ನೋಡಿ

ಮೊನ್ನೆ ಹೊಸದಾಗಿ ಬಂದ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಸ್ಪ್ಯಾನಿಷ್ ಅನುವಾದ ಮುಗೀತು, ಇನ್ನು ಅಪೋಸ್ಟಿಲ್ ಒಂದು ಬಾಕಿ" ಅಂತ ಖುಷಿಯಲ್ಲಿದ್ದ. ಅಪೋಸ್ಟಿಲ್ ಅಂದರೆ ದಾಖಲೆಯ ಸಹಿ, ಮೊಹರು ಅಸಲಿ ಅಂತ ಬೇರೆ ದೇಶದವರಿಗೆ ನಮ್ಮ ಸರ್ಕಾರ ಕೊಡುವ ದೃಢೀಕರಣ. ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೆಲವು ವರ್ಷಗಳ ಹಿಂದೆ ಇದೇ ಮಾತನ್ನು ಇಷ್ಟೇ ಖುಷಿಯಿಂದ ನಾನೂ ಹೇಳಿದ್ದೆ. ಅವನ ಅನುವಾದಕ್ಕೆ ಕೊಟ್ಟ ದುಡ್ಡು ಹೋಯಿತು ಅಂತ ಅವನಿಗೆ ಹೇಳಬೇಕಿತ್ತು.

ಅಪೋಸ್ಟಿಲ್ ಮೊದಲು, ಅನುವಾದ ಆಮೇಲೆ. ಯಾಕೆ ಅಂದರೆ ಅಪೋಸ್ಟಿಲ್ ಕೂಡ ಆ ದಾಖಲೆಯ ಭಾಗ. ಅದನ್ನೂ ಸ್ಪ್ಯಾನಿಷ್‌ಗೆ ಅನುವಾದ ಮಾಡಬೇಕು. ಅಪೋಸ್ಟಿಲ್ ಇಲ್ಲದ ಕಾಗದವನ್ನು ಅನುವಾದ ಮಾಡಿಸಿ, ಆಮೇಲೆ ಮೂಲ ಪ್ರತಿಯನ್ನು ಊರಿಗೆ ಕಳಿಸಿ ಅಪೋಸ್ಟಿಲ್ ಅಂಟಿಸಿಕೊಂಡು ಬಂದರೆ, ನಿಮ್ಮ ಕೈಯಲ್ಲಿ ಇರುವುದು ಎರಡು ಬೇರೆ ಬೇರೆ ದಾಖಲೆ. ಅನುವಾದದ ಜೊತೆ ಹೊಲಿದಿರುವ ಪ್ರತಿಯಲ್ಲಿ ಹಿಂಬದಿ ಖಾಲಿ, ಮೂಲದ ಹಿಂಬದಿಯಲ್ಲಿ ಮೂರು ಮೊಹರು, ಒಂದು ಸ್ಟಿಕ್ಕರ್. ಇಲ್ಲಿನ ಸರ್ಕಾರಿ ಕಚೇರಿಯಲ್ಲಿ ಕೌಂಟರಿನ ಹೆಂಗಸು ನನ್ನ ಕಾಗದ ತಿರುಗಿಸಿ ನೋಡಿ, ಮತ್ತೆ ಅನುವಾದ ತಿರುಗಿಸಿ ನೋಡಿ, ತಲೆ ಆಡಿಸಿದರು. ಅಷ್ಟೇ. ಮುಂದಿನ ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಅನುವಾದಕ್ಕೂ ಎರಡನೇ ಸಲ ದುಡ್ಡು ಕೊಟ್ಟೆ.

ಅಪೋಸ್ಟಿಲ್ ಎಲ್ಲಿ ಮಾಡಿಸೋದು, ಏಜೆಂಟರು ಯಾರು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಭಾರತದಲ್ಲಿ 2005ರಿಂದ ಈ ಪದ್ಧತಿ ಇದೆ. ಮೊದಲು ರಾಜ್ಯ ಸರ್ಕಾರದ ಅಧಿಕಾರಿಯ ದೃಢೀಕರಣ, ಆಮೇಲೆ ಭಾರತದ ವಿದೇಶಾಂಗ ಸಚಿವಾಲಯದ ಸ್ಟಿಕ್ಕರ್. ಲ್ಯಾಮಿನೇಟ್ ಮಾಡಿಸಿದ ಹಳೆಯ ಪ್ರಮಾಣಪತ್ರ ಇದ್ದರೆ ಅದನ್ನು ಮನೆಯಲ್ಲೇ ಇಟ್ಟು, ಹೊಸ ಪ್ರತಿ ತೆಗೆಸಿ. ಪ್ಲಾಸ್ಟಿಕ್ ಮೇಲೆ ಯಾರೂ ಮೊಹರು ಹಾಕುವುದಿಲ್ಲ.

ಇನ್ನು ಅನುವಾದ ಯಾರು ಮಾಡಬೇಕು ಅನ್ನೋದು. ಊರಿನಲ್ಲಿ ಅನುವಾದ ಮಾಡಿಸಿ, ನೋಟರಿ ಸೀಲ್ ಹಾಕಿಸಿ ತಂದರೆ ಇಲ್ಲಿನ ಕಚೇರಿಗೆ ಅದು ಬರೀ ಕಾಗದ. ಇಲ್ಲಿ ಬೇಕಾಗಿರುವುದು 'ಟ್ರಾದುಕ್ತೋರ್ ಹುರಾದೊ', ಅಂದರೆ ಸ್ಪೇನಿನ ವಿದೇಶಾಂಗ ಸಚಿವಾಲಯ ನೇಮಿಸಿದ ಪ್ರಮಾಣಿತ ಅನುವಾದಕ. ಇವರ ಹೆಸರುಗಳ ಪಟ್ಟಿಯನ್ನು ಸಚಿವಾಲಯವೇ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ, ಭಾಷೆಯ ಪ್ರಕಾರ ಹುಡುಕಬಹುದು. ಅನುವಾದಕ ನಿಮ್ಮ ಊರಿನಲ್ಲೇ ಇರಬೇಕು ಅಂತೇನಿಲ್ಲ. ಸೆವಿಯ್ಯಾದಲ್ಲಿ ಕೂತ ಅನುವಾದಕಿಗೆ ಬಾರ್ಸಿಲೋನಾದಿಂದ ಸ್ಕ್ಯಾನ್ ಕಳಿಸಿ ಮಾಡಿಸಿದವರು ಬೇಕಾದಷ್ಟು ಜನ.

ಆ ಸ್ಕ್ಯಾನ್‌ನಲ್ಲೇ ಇರೋದು ದೊಡ್ಡ ಗುಂಡಿ. ಎಲ್ಲರೂ ಮುಂಭಾಗ ಕಳಿಸುತ್ತಾರೆ. ಇನ್ನೂ ಸ್ವಲ್ಪ ಹುಷಾರಿನವರು ಅಪೋಸ್ಟಿಲ್ ಸ್ಟಿಕ್ಕರಿನ ಹತ್ತಿರದ ಫೋಟೊ ಒಂದನ್ನು ಬೇರೆಯಾಗಿ ಸೇರಿಸುತ್ತಾರೆ. ಪೂರ್ತಿ ಹಿಂಬದಿಯನ್ನು, ನಾಲ್ಕೂ ಮೂಲೆ ಕಾಣುವ ಹಾಗೆ, ಯಾರೂ ಕಳಿಸುವುದಿಲ್ಲ. ಅನುವಾದಕರು ಕಣ್ಣಿಗೆ ಕಂಡದ್ದನ್ನು ಮಾತ್ರ ಅನುವಾದ ಮಾಡುತ್ತಾರೆ, ಕಾಣದ ಮೊಹರಿಗೆ ಅವರು ಹೊಣೆ ಅಲ್ಲ.

ಹಿಂಬದಿ ಯಾಕೆ ಅಷ್ಟು ಮುಖ್ಯ ಅಂತ ನನಗೂ ಮೊದಲು ಅರ್ಥ ಆಗಿರಲಿಲ್ಲ. ಅಪೋಸ್ಟಿಲ್‌ನಲ್ಲಿ ಹತ್ತು ಸಾಲುಗಳಿರುತ್ತವೆ, ಯಾವ ದೇಶದ್ದಾದರೂ ಅದೇ ಹತ್ತು. ಎರಡನೆಯದರಲ್ಲಿ ಸಹಿ ಮಾಡಿದವರ ಹೆಸರು, ಮೂರನೆಯದರಲ್ಲಿ ಅವರ ಹುದ್ದೆ, ನಾಲ್ಕನೆಯದರಲ್ಲಿ ಮೊಹರು ಯಾರದು ಅಂತ ಬರೆದಿರುತ್ತದೆ. ಆ ಸಹಿ ನಿಮ್ಮ ಪ್ರಮಾಣಪತ್ರ ಕೊಟ್ಟ ನೋಂದಣಾಧಿಕಾರಿಯದು ಅಂತ ನಾವು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಅದು ಅವರದಲ್ಲ, ನಡುವೆ ದೃಢೀಕರಿಸಿದ ರಾಜ್ಯ ಸರ್ಕಾರದ ಅಧಿಕಾರಿಯದು. ಆತನ ಸಹಿಯ ಮಾದರಿ ವಿದೇಶಾಂಗ ಸಚಿವಾಲಯದಲ್ಲಿ ಇರುತ್ತದೆ, ಅದಕ್ಕೆ ಹೋಲಿಸಿ ಸ್ಟಿಕ್ಕರ್ ಅಂಟಿಸುತ್ತಾರೆ. ಅಂದರೆ ಸ್ಪೇನಿನ ಗುಮಾಸ್ತ ಹೆಸರು ಓದಿ, ಆ ಹೆಸರಿನ ಸಹಿ, ಮೊಹರು ಎಲ್ಲಿದೆ ಅಂತ ಹುಡುಕುತ್ತಾನೆ. ಅದು ಇರುವುದು ಹಿಂಬದಿಯಲ್ಲಿ. ಅನುವಾದದಲ್ಲಿ ಆ ಮೊಹರೇ ಇಲ್ಲದಿದ್ದರೆ ಅವನ ಕಣ್ಣಿಗೆ ಸರಪಳಿ ಅಲ್ಲೇ ತುಂಡಾಯಿತು.

ನನಗೆ ಚೆನ್ನಾಗಿ ಗೊತ್ತಿರುವ ಒಂದು ಮದುವೆ ಪ್ರಮಾಣಪತ್ರದ ಕತೆ ಹೇಳುತ್ತೇನೆ. ಮುಂಭಾಗದಲ್ಲಿ ಶೀರ್ಷಿಕೆಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ, ಹೆಸರುಗಳು ಇಂಗ್ಲಿಷಿನಲ್ಲಿ. ಕೆಳಗೆ ಸಬ್ ರಿಜಿಸ್ಟ್ರಾರ್ ಸಹಿ, ಸಹಿಯ ಮೇಲೆಯೇ ಬಿದ್ದ ನೀಲಿ ಗುಂಡು ಸೀಲು, ಪಕ್ಕದಲ್ಲಿ ಹುದ್ದೆಯ ಉದ್ದನೆಯ ರಬ್ಬರ್ ಸ್ಟಾಂಪು. ಹಿಂಬದಿಯಲ್ಲಿ ಬೆಂಗಳೂರಿನ ದೃಢೀಕರಣದ ಚೌಕ ಮೊಹರು, ಅದರ ಒಂದು ಮೂಲೆಯನ್ನು ಮುಚ್ಚಿ ಕೂತ ಅಪೋಸ್ಟಿಲ್ ಸ್ಟಿಕ್ಕರ್, ಮೇಲ್ತುದಿಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದ ಒಂದು ನಂಬರ್.

ಒಳ್ಳೆಯ ಅನುವಾದಕಿ ಇದನ್ನು ಹೇಗೆ ಬರೆದರು ಗೊತ್ತಾ? ಪ್ರತಿಯೊಂದಕ್ಕೂ ಚೌಕ ಆವರಣದೊಳಗೆ ಒಂದೊಂದು ಸಾಲು. ಸಹಿಯ ಜಾಗದಲ್ಲಿ 'ಫಿರ್ಮಾ ಇಲೆಹಿಬ್ಲೆ', ಅಂದರೆ ಓದಲಾಗದ ಸಹಿ. ಇದನ್ನು ನೋಡಿ ಕೆಲವರು "ನಮ್ಮ ಆಫೀಸರ್ ಸಹಿ ಸರಿಯಿಲ್ಲ ಅಂದುಬಿಟ್ಟರು" ಅಂತ ಗಾಬರಿ ಆಗುತ್ತಾರೆ. ಹಾಗಲ್ಲ, ಅದು ರೂಢಿಯ ಮಾತು. ಸೀಲ್ ಬಂದಲ್ಲಿ 'ಸೆಯೊ' ಅಂತ ಬರೆದು, ಅದು ದುಂಡಗಿದೆ, ನೀಲಿ ಶಾಯಿಯದು, ಒಳಗೆ ಇಂಥ ಮಾತು ಇದೆ ಅಂತ ತಿಳಿಸಿದರು. ಹಿಂಬದಿಯ ಚೌಕ ಮೊಹರಿಗೆ 'ಸ್ಟಿಕ್ಕರಿನಿಂದ ಭಾಗಶಃ ಮುಚ್ಚಿದೆ' ಅಂತ ಸೇರಿಸಿದರು. ಪೆನ್ಸಿಲ್ ನಂಬರನ್ನೂ ಬಿಡಲಿಲ್ಲ, 'ಕೈಬರಹದ ಟಿಪ್ಪಣಿ' ಅಂತ ಬರೆದರು. ನನಗೆ ಮೊದಲು ಅತಿ ಅನಿಸಿತ್ತು. ಈಗ ಅನಿಸುವುದಿಲ್ಲ. ಅವರು ಕೊನೆಯಲ್ಲಿ ಸಹಿ ಹಾಕುವ ವಾಕ್ಯದಲ್ಲಿ 'ಫಿಯೆಲ್ ಇ ಕಂಪ್ಲೆತಾ' ಅಂತಿದೆ, ನಿಷ್ಠೆಯ ಮತ್ತು ಪೂರ್ತಿ ಅನುವಾದ. ಪೂರ್ತಿ ಅಂದ ಮೇಲೆ ಪೆನ್ಸಿಲ್ ಗೀಟೂ ಸೇರಿತು.

ಈಗ ಕನ್ನಡಿಗರಿಗೇ ಸ್ಪೆಷಲ್ ಆದ ಒಂದು ತೊಂದರೆ. ಆ ನೀಲಿ ಗುಂಡು ಸೀಲಿನಲ್ಲಿ ಇದ್ದದ್ದು ಬರೀ ಕನ್ನಡ. ಅನುವಾದಕಿ ಇಂಗ್ಲಿಷಿಗೆ ನೇಮಕ ಆದವರು. ನೀವು ಅದರ ಅರ್ಥ ಎಷ್ಟೇ ಬಿಡಿಸಿ ಹೇಳಿದರೂ, ತಮಗೆ ನೇಮಕವಿಲ್ಲದ ಭಾಷೆಗೆ ಅವರು ಪ್ರಮಾಣ ಮಾಡಲಾರರು. ಹಾಗಾಗಿ 'ಕನ್ನಡದಲ್ಲಿ ಬರಹವಿರುವ ದುಂಡು ಸೀಲು' ಅಂತ ಬರೆದು ಮುಂದೆ ಹೋದರು. ಅದು ಸರಿಯಾದ ಕೆಲಸವೇ. ನಮ್ಮ ಪುಣ್ಯಕ್ಕೆ ಪಕ್ಕದ ಉದ್ದ ಸ್ಟಾಂಪಿನಲ್ಲಿ ಹುದ್ದೆ ಇಂಗ್ಲಿಷಿನಲ್ಲೂ ಇತ್ತು, ಕೊಟ್ಟವರು ಯಾರು ಅನ್ನೋದು ಅಲ್ಲಿಂದ ತಿಳಿಯಿತು. ಅದು ಇಲ್ಲದೆ ಹುದ್ದೆ, ಕಚೇರಿ ಎರಡೂ ಕನ್ನಡ ಸೀಲಿನಲ್ಲಿ ಮಾತ್ರ ಇದ್ದರೆ ಕೌಂಟರಿನಲ್ಲಿ ಪ್ರಶ್ನೆ ಏಳುತ್ತದೆ. ಅದಕ್ಕೇ ಊರಿನಲ್ಲಿ ಪ್ರತಿ ತೆಗೆಸುವಾಗ, ಅಪೋಸ್ಟಿಲ್‌ಗೆ ಕೊಡುವ ಮೊದಲು, ಕಚೇರಿಯ ಹೆಸರು ಮತ್ತು ಹುದ್ದೆ ಇಂಗ್ಲಿಷಿನಲ್ಲಿ ಎಲ್ಲಾದರೂ ಒಂದು ಕಡೆ ಇದೆಯಾ ನೋಡಿ. ಇಲ್ಲದಿದ್ದರೆ ಎರಡು ಭಾಷೆಯ ಸ್ಟಾಂಪು ಹಾಕಿಸಿ. ಗುಮಾಸ್ತರ ಮೇಜಿನ ಡ್ರಾಯರಿನಲ್ಲಿ ಅದು ಇದ್ದೇ ಇರುತ್ತದೆ, ಕೇಳುವವರು ಇರಲ್ಲ ಅಷ್ಟೇ. ಅಪೋಸ್ಟಿಲ್ ಆದ ಮೇಲೆ ಮಾತ್ರ ಆ ಕಾಗದದ ಮೇಲೆ ಒಂದು ಚುಕ್ಕೆಯನ್ನೂ ಸೇರಿಸಬೇಡಿ.

ಪೂರ್ತಿ ಕನ್ನಡದಲ್ಲೇ ಇರುವ ಹಳೆಯ ಕೈಬರಹದ ಪತ್ರ ಇದ್ದರೆ, ಅದನ್ನು ಇಂಗ್ಲಿಷಿಗೆ, ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಅಂತ ಎರಡು ಹಂತ ಹತ್ತಿಸುವ ಬದಲು, ಅದೇ ಕಚೇರಿಯಿಂದ ಇಂಗ್ಲಿಷ್ ಇರುವ ಹೊಸ ಪ್ರತಿ ತೆಗೆಸುವುದು ಮೇಲು. ಅನುವಾದದ ಅನುವಾದ ನೋಡಿದರೆ ಗುಮಾಸ್ತರ ಹುಬ್ಬು ಏರುತ್ತದೆ.

ಹೆಸರಿನ ವಿಚಾರ ಒಂದು ಮಾತು. ಪತ್ರದಲ್ಲಿ 'ಆರ್.' ಅಂತ ಇನಿಶಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ, "ಸ್ವಲ್ಪ ಸರಿ ಮಾಡಿಬಿಡಿ" ಅಂತ ಅನುವಾದಕರನ್ನು ಕೇಳಬೇಡಿ. ಅವರು ಮಾಡಲ್ಲ, ಮಾಡಬಾರದು ಕೂಡ. ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ ಇದ್ದರೂ ಅನುವಾದದಲ್ಲಿ ಖಾಲಿಯೇ ಬರುತ್ತದೆ. ನಮ್ಮ ವಯಸ್ಸಿನ ಎಷ್ಟೋ ಜನರ ಪತ್ರ ಹಾಗೇ ಇದೆ, ಅಲ್ವಾ? ತಿದ್ದುವುದಿದ್ದರೆ ಊರಿನಲ್ಲಿ, ಅಪೋಸ್ಟಿಲ್‌ಗೆ ಮೊದಲು.

ಅನುವಾದ ಕೈಗೆ ಬಂದಾಗ ಕೊನೆಯ ಪುಟ ನೋಡಿ. ಅನುವಾದಕರ ಹೆಸರು, ಅವರು ಯಾವ ಭಾಷೆಗೆ ನೇಮಕ ಆದವರು, ಊರು, ತಾರೀಖು, ಸಹಿ, ಅವರದೇ ಸೀಲು ಇರಬೇಕು. ಮೂಲದ ಪ್ರತಿ ಜೊತೆಯಲ್ಲಿ ಸೇರಿರಬೇಕು, ಅದರ ಪುಟ ಪುಟಕ್ಕೂ ಅವರ ಸೀಲು ಬಿದ್ದಿರಬೇಕು. ಆ ಪ್ರತಿಯಲ್ಲಿ ಹಿಂಬದಿ ಇದೆಯಾ ಅಂತ ಎಣಿಸಿ. ಸ್ಟೇಪಲ್ ಪಿನ್ ಬಿಚ್ಚಿ ಜೆರಾಕ್ಸ್ ಮಾಡಬೇಡಿ, ಮಡಚಿ ಮಾಡಿ. ಬಿಚ್ಚಿದ ಗುರುತು ಕಂಡರೆ ಪುಟ ಬದಲಾಯಿಸಿದ್ದೀರಾ ಅಂತ ಅನುಮಾನ ಬರುತ್ತದೆ.

ನನ್ನನ್ನು ಕೇಳಿದರೆ ಅನುವಾದದ ವಿಷಯದಲ್ಲಿ ಸ್ಪೇನಿನ ಪದ್ಧತಿಯೇ ಮೇಲು. ಇಲ್ಲಿ ಅನುವಾದಕಿ ತನ್ನ ಹೆಸರಿಟ್ಟು ಹೊಣೆ ಹೊರುತ್ತಾಳೆ. ನಮ್ಮಲ್ಲಿ ನೋಟರಿ ಓದದೆಯೇ ಸೀಲ್ ಒತ್ತುವುದನ್ನು ನಾನೇ ನೋಡಿದ್ದೇನೆ. ಆದರೆ ಹೊಟ್ಟೆ ಉರಿಯುವ ವಿಷಯವೂ ಒಂದಿದೆ. ಪೋರ್ಚುಗಲ್ಲಿನಿಂದ ಬಂದ ನನ್ನ ಸಹೋದ್ಯೋಗಿಗೆ ಇದ್ಯಾವುದೂ ಬೇಡ. ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ 2019ರಿಂದ ಇಂಥ ಪತ್ರಗಳಿಗೆ ಅಪೋಸ್ಟಿಲ್ ಕೇಳುವಂತಿಲ್ಲ, ಹಲವು ಭಾಷೆಯ ಸಿದ್ಧ ನಮೂನೆಯೂ ಇದೆ. ಅವನು ಹುಟ್ಟೂರಿನಿಂದ ಒಂದೇ ಹಾಳೆ ತರಿಸಿ, ಕೊಟ್ಟು, ಕಾಫಿಗೆ ಹೋದ.

ಫೋನ್ ಮಾಡಿದ್ದ ಹುಡುಗ ಈಗ ಮೂಲ ಪ್ರತಿಯನ್ನು ಊರಿಗೆ ಕಳಿಸಿದ್ದಾನೆ. ಹಳೆಯ ಅನುವಾದವನ್ನು ಅದೇ ಅನುವಾದಕರಿಗೆ ತೋರಿಸಿ, ಹಿಂಬದಿ ಸೇರಿಸಿ ಹೊಸದಾಗಿ ಮಾಡಿಕೊಡಲು ಕಡಿಮೆ ದುಡ್ಡು ತಗೋತೀರಾ ಅಂತ ಕೇಳು ಅಂದೆ. ಒಪ್ಪಿದ್ದಾರಂತೆ. ನಾನು ಆಗ ಕೇಳಲೇ ಇಲ್ಲ.