ಬಾಳೆಹಣ್ಣಿನ ಸಿಹಿ ಪಡ್ಡು: ಹೊರಗೆ ಗರಿಗರಿ, ಒಳಗೆ ಹಸಿಯಿಲ್ಲ

ಹಣ್ಣನ್ನು ಬೆಲ್ಲದಲ್ಲಿ ಬೇಯಿಸಿ ಆಮೇಲೆ ಹಿಟ್ಟಿಗೆ ಬೆರೆಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಪಡ್ಡು ಕಲ್ಲಾಗುತ್ತದೆ", "ಮೈದಾ, ಸೋಡಾ ಇಲ್ಲದೆ ಆಗುವ ಮಾತಲ್ಲ" ಎಂದರು. ಈಗ ಅವರೇ ಅಳತೆ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಿಹಿ ಪಡ್ಡಿನ ಗೋಳು ಒಂದೇ: ಬೆಲ್ಲಕ್ಕೆ ಬೇಗ ಬಣ್ಣ ಬರುತ್ತದೆ, ಒಳಗಿನ ಅಕ್ಕಿ ನಿಧಾನವಾಗಿ ಬೇಯುತ್ತದೆ. ಸಿಹಿ ಹೆಚ್ಚಿದಷ್ಟೂ ಅಕ್ಕಿ ಬೇಯುವುದು ಇನ್ನೂ ತಡ. ಅದರ ಮೇಲೆ ಹಸಿ ಹಣ್ಣಿನ ನೀರು ಬೇರೆ. ಹಣ್ಣು ರುಬ್ಬಿ ಹಾಕಿದ ಹಿಟ್ಟು ಇಟ್ಟಷ್ಟೂ ತೆಳ್ಳಗಾಗುತ್ತದೆ; ತೆಳ್ಳಗಾಯಿತೆಂದು ಅಕ್ಕಿಹಿಟ್ಟು ಸುರಿದರೆ ನಡುವೆ ಅಂಟು ಉಂಡೆ ಉಳಿಯುತ್ತದೆ. ಹೊರಗೆ ಕಪ್ಪು, ಒಳಗೆ ಗೋಂದು.

ನನ್ನ ಅಳತೆ ಅಂದಾಜಿನದು. ಒಂದು ಲೋಟ ದೋಸೆ ಅಕ್ಕಿ, ಅಂದರೆ ಸುಮಾರು 200 ಗ್ರಾಂ, ಮೂರು ಗಂಟೆ ನೆನೆಸಿ ನೀರು ಪೂರ್ತಿ ಬಸಿಯಬೇಕು. ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು ಸಿಪ್ಪೆ ತೆಗೆದು 150 ಗ್ರಾಂ, ಬೆಲ್ಲ 140 ಗ್ರಾಂ ಆಸುಪಾಸು. ಬೆಲ್ಲ ಇದಕ್ಕಿಂತ ಏರಿಸಿದರೆ ಗರಿ ಬರುವುದಿಲ್ಲ. ಬೆಲ್ಲ ತೇವ ಹಿಡಿಯುತ್ತದೆ, ಹೊರಮೈ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಬೆಲ್ಲವನ್ನು ನಾಲ್ಕೈದು ಚಮಚ ನೀರಿನಲ್ಲಿ ಕರಗಿಸಿ ಸೋಸಿ, ಕಿವುಚಿದ ಹಣ್ಣು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಬೇಕು. ಸೌಟು ಎಳೆದ ದಾರಿ ತಕ್ಷಣ ಮುಚ್ಚಿಕೊಳ್ಳದೆ ಒಂದು ಕ್ಷಣ ನಿಂತರೆ ಸಾಕು, ಇಳಿಸಿ. ಹಲ್ವದ ಹದಕ್ಕೆ ಹೋದರೆ ಹಿಟ್ಟಿಗೆ ಬೆರೆಯುವುದಿಲ್ಲ. ಪೂರ್ತಿ ಆರಬೇಕು, ಬಿಸಿಯಾಗಿ ಸುರಿದರೆ ಅಕ್ಕಿ ಅಲ್ಲಲ್ಲೇ ಬೆಂದು ಗಂಟು ಕಟ್ಟುತ್ತದೆ.

ಅಕ್ಕಿಗೆ ಎರಡು ಹಿಡಿ ಕಾಯಿತುರಿ ಸೇರಿಸಿ, ಆದಷ್ಟು ಕಡಿಮೆ ನೀರಿನಲ್ಲಿ ಸಣ್ಣ ರವೆಯ ತರಿ ಉಳಿಯುವಂತೆ ರುಬ್ಬುತ್ತೇನೆ. ಗರಿ ಬರುವುದೇ ಆ ತರಿಯಿಂದ. ಎರಡನ್ನೂ ಬೆರೆಸಿ, ಉಪ್ಪು ಚಿಟಿಕೆ, ಏಲಕ್ಕಿ ಹಾಕಿ ಅರ್ಧ ಗಂಟೆ ಬಿಟ್ಟರೆ ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿರಬೇಕು. ಏಲಕ್ಕಿಯ ಜೊತೆ ಇನ್ನೊಂದು ಪುಡಿ ಹಾಕುತ್ತೇನೆ, ಅದು ನನ್ನ ಬಳಿಯೇ ಇರಲಿ.

ಸೋಡಾ ಹಾಕಿಯೂ ನೋಡಿದೆ. ಉಬ್ಬುತ್ತದೆ ನಿಜ, ಆದರೆ ಬಣ್ಣ ಇನ್ನೂ ಬೇಗ ಏರುತ್ತದೆ, ಎಣ್ಣೆಯನ್ನೂ ಹೀರುತ್ತದೆ. ಗೋಧಿಹಿಟ್ಟಿನದು ಬಿಸಿಯಲ್ಲಿ ಚೆನ್ನ, ಆರಿದರೆ ಜಗಿಯಬೇಕು. ಅಕ್ಕಿಯ ಕಾಲು ಭಾಗ ತೆಗೆದು ನೆನೆಸಿದ ಅವಲಕ್ಕಿ ಹಾಕಿದರೆ ಒಳಗೆ ಮೃದು, ಹೊರಗೆ ಗರಿ ಸ್ವಲ್ಪ ಕಡಿಮೆ. ಹಲ್ಲಿಲ್ಲದವರಿಗೆ ಅದೇ ವಾಸಿ.

ಹಂಚಿನ ವಿಷಯದಲ್ಲಿ ದುಡ್ಡು ಹೋಗಿದೆ. ಎಂಟುನೂರು ಚಿಲ್ಲರೆ ಕೊಟ್ಟ ನಾನ್‌ಸ್ಟಿಕ್ ಒಂದೂವರೆ ವರ್ಷಕ್ಕೆ ಲೇಪ ಬಿಟ್ಟಿತು, ಅದರಲ್ಲಿ ಗರಿಯೂ ಅಷ್ಟಕ್ಕಷ್ಟೇ. ಹೆಚ್ಚುಕಡಿಮೆ ಅದೇ ಬೆಲೆಗೆ ಸಂತೆಯಲ್ಲಿ ಸಿಕ್ಕ ಬೀಡುಕಬ್ಬಿಣದ್ದು ಇವತ್ತಿಗೂ ನಡೆಯುತ್ತಿದೆ. ಬರೀ ತುಪ್ಪದಲ್ಲಿ ಮಾಡಿದರೆ ಆರ್ಡರಿನ ಲಾಭವೆಲ್ಲ ಗುಳಿಗೇ ಹೋಗುತ್ತದೆ. ಎರಡು ಪಾಲು ಎಣ್ಣೆಗೆ ಒಂದು ಪಾಲು ತುಪ್ಪ ಸಾಕು, ಪರಿಮಳಕ್ಕೆ ಕೊರತೆಯಿಲ್ಲ.

ಹಂಚು ಚೆನ್ನಾಗಿ ಕಾದ ಮೇಲೆ ಉರಿ ಪೂರ್ತಿ ತಗ್ಗಿಸಿ, ಗುಳಿಗೊಂದು ಚಿಕ್ಕ ಚಮಚ ಜಿಡ್ಡು, ಮುಕ್ಕಾಲು ಗುಳಿ ಹಿಟ್ಟು. ಮುಚ್ಚಳ ಮುಚ್ಚಿ ಎರಡು ನಿಮಿಷ. ನಿಜವಾದ ಕೈಚಳಕ ಇಲ್ಲಿದೆ: ಅಂಚು ಗಟ್ಟಿಯಾಗಿ ನಡು ಇನ್ನೂ ನೀರಾಗಿರುವಾಗಲೇ ಕಡ್ಡಿಯಿಂದ ಅರ್ಧ ಮಾತ್ರ ಹೊರಳಿಸಬೇಕು, ಪಡ್ಡು ಗುಳಿಯಲ್ಲಿ ಓರೆಯಾಗಿ ನಿಲ್ಲಬೇಕು. ಒಳಗಿನ ಹಸಿ ಹಿಟ್ಟು ಹರಿದು ಬಿಸಿ ಕಬ್ಬಿಣಕ್ಕೆ ತಾಗಿ ಅಲ್ಲೇ ಚಿಪ್ಪು ಕಟ್ಟುತ್ತದೆ, ನಡುವಿನ ದಪ್ಪ ಇಳಿಯುತ್ತದೆ. ಒಂದು ನಿಮಿಷ ಬಿಟ್ಟು ಪೂರ್ತಿ ಮಗುಚಿ. ಮೇಲ್ಭಾಗ ಒಣಗುವವರೆಗೆ ಕಾದು ಮಗುಚಿದರೆ ಹಸಿ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಮಗುಚಿದ ಮೇಲೆ ಮುಚ್ಚಳ ಬೇಡ, ಹಬೆ ಗರಿಯನ್ನು ಕೆಡಿಸುತ್ತದೆ. ತೆರೆದೇ ಮೂರು ನಿಮಿಷ, ಕೊನೆಯಲ್ಲಿ ಅಂಚಿಗೆ ನಾಲ್ಕು ಹನಿ ತುಪ್ಪ ಬಿಟ್ಟು ಉರಿ ತುಸು ಏರಿಸಿ. ಕಡ್ಡಿ ಚುಚ್ಚಿದರೆ ತೇವ ಇರಬಹುದು, ಹಿಟ್ಟು ಅಂಟಬಾರದು.

ಈ ಅಳತೆಗೆ ಇಪ್ಪತ್ತರ ಮೇಲೆ ಆಗುತ್ತವೆ. ಮೂರನೇ ಸುತ್ತಿಗೆ ಹಂಚು ಅತಿಯಾಗಿ ಕಾದಿರುತ್ತದೆ. ಜಿಡ್ಡು ಹಾಕುತ್ತಲೇ ಹೊಗೆ ಎದ್ದರೆ ಒಲೆಯಿಂದ ಇಳಿಸಿ ಒಂದೆರಡು ನಿಮಿಷ ತಣಿಸಿ. ತೆಗೆದವನ್ನು ಜಾಲರಿಯ ಮೇಲೆ ಬಿಡಿಬಿಡಿಯಾಗಿ ಹರಡಿ. ಡಬ್ಬಿಗೆ ತುಂಬುವುದು ಪೂರ್ತಿ ಆರಿದ ಮೇಲೆಯೇ. ಮರುದಿನಕ್ಕೆ ಮೆತ್ತಗಾದರೆ ಅದೇ ಹಂಚಿನಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿ. ಮೈಕ್ರೋವೇವಿಗೆ ಮಾತ್ರ ಇಡಬೇಡಿ, ರಬ್ಬರಾಗುತ್ತದೆ.